ಕಾರ್ಡ್ ಓಡಲಿಲ್ಲ, ಸರಿ. ಬೇಡ ಎಂದವರು ಯಾರು?

ಪ್ರಶ್ನೆ: ದಾವಣಗೆರೆಯ ಸೀರೆ ಅಂಗಡಿಯೊಂದರಲ್ಲಿ ಎಂಟು ತಿಂಗಳಿಂದ ಬಿಲ್ ಕೌಂಟರ್ ನೋಡಿಕೊಳ್ಳುತ್ತಿದ್ದೇನೆ. ಕಾರ್ಡ್ ಓಡದಿದ್ದಾಗ ಯಂತ್ರದ ಪರದೆಯಲ್ಲಿ ಒಂದೊಂದು ಸಲ ಒಂದೊಂದು ಇಂಗ್ಲಿಷ್ ಮಾತು ಬರುತ್ತದೆ. ನಾನು ‘ನಿಮ್ಮ ಕಾರ್ಡ್ ಡಿಕ್ಲೈನ್ ಆಗಿದೆ’ ಎಂದರೆ ಸಾಕು, ಗ್ರಾಹಕರು ಸಿಟ್ಟಾಗುತ್ತಾರೆ. ಮೊನ್ನೆ ಒಬ್ಬರು ‘ನನ್ನ ಖಾತೆಯಲ್ಲಿ ದುಡ್ಡಿಲ್ಲ ಎನ್ನುತ್ತೀಯಾ’ ಎಂದು ಎಲ್ಲರ ಮುಂದೆ ಗದರಿದರು. ಈ ಸಂದೇಶಗಳ ಅರ್ಥವನ್ನು, ಗ್ರಾಹಕರಿಗೆ ಹೇಳುವ ಬಗೆಯನ್ನು ಒಂದು ಸಣ್ಣ ಸಂಭಾಷಣೆಯಾಗಿ ಬರೆದು ಕೊಡುವಿರಾ? ಹಣ ಹೋಗದ ಚೀಟಿಯನ್ನು ಗ್ರಾಹಕರು ಕೇಳಿದರೆ ಕೊಡಬಹುದೇ?

ಉತ್ತರ: ಅಂಗಡಿಗಳಲ್ಲಿ ಈ ಯಂತ್ರಗಳನ್ನು ಕೂರಿಸುವುದು, ಅವು ಕೈಕೊಟ್ಟಾಗ ಹೋಗಿ ದೂರು ಕೇಳುವುದು ನನ್ನ ಕೆಲಸವಾಗಿತ್ತು. ಕೇಳಿದ ದೂರುಗಳಲ್ಲಿ ಯಂತ್ರದ ತಪ್ಪಿಗಿಂತ ಮಾತಿನ ತಪ್ಪೇ ಹೆಚ್ಚು. ‘ಡಿಕ್ಲೈನ್’ ಎಂಬ ಒಂದೇ ಪದದಲ್ಲಿ ನಾವು ಹತ್ತಾರು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತೇವೆ. ಕೇಳುವವರ ಕಿವಿಗೆ ಅದು ಒಂದೇ ಆಗಿ ಬೀಳುತ್ತದೆ: ದುಡ್ಡಿಲ್ಲ.

ಮೊದಲು ದಾರಿಯನ್ನು ತಿಳಿದುಕೊಳ್ಳಿ. ಗ್ರಾಹಕರು ಪಿನ್ ಒತ್ತಿದ ಮೇಲೆ ನಿಮ್ಮ ಯಂತ್ರ ಒಂದು ಕೋರಿಕೆ ಕಳುಹಿಸುತ್ತದೆ. ಅದು ನಿಮ್ಮ ಅಂಗಡಿಗೆ ಯಂತ್ರ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ, ಅಲ್ಲಿಂದ ರುಪೇ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲಕ್ಕೆ, ಅಲ್ಲಿಂದ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಉತ್ತರ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಆ ಉತ್ತರದೊಳಗೆ ಎರಡು ಅಂಕಿಯ ಒಂದು ಸಂಕೇತವಿರುತ್ತದೆ. 00 ಎಂದರೆ ಆಗಬಹುದು. ಬೇರೆ ಅಂಕಿಗಳು ಹೆಚ್ಚಾಗಿ ‘ಬೇಡ’ ಎಂಬುದರ ಕಾರಣಗಳು. ಪರದೆಯ ಮೇಲಿನ ಇಂಗ್ಲಿಷ್ ಮಾತು ಆ ಅಂಕಿಗೆ ಯಂತ್ರದ ಕಂಪನಿ ಕೊಟ್ಟುಕೊಂಡ ಹೆಸರು ಮಾತ್ರ. ಆದ್ದರಿಂದ ಮಾತು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ, ಅಂಕಿ ಅಷ್ಟಾಗಿ ಬದಲಾಗುವುದಿಲ್ಲ. ಪರದೆಯ ಮೂಲೆಯಲ್ಲೋ ಚೀಟಿಯಲ್ಲಿ `RESP CODE` ಅಥವಾ `RC` ಎಂಬುದರ ಮುಂದೆಯೋ ಅದು ಇರುತ್ತದೆ. ಬಾಯಿ ತೆರೆಯುವ ಮೊದಲು ಅದನ್ನು ಹುಡುಕಿ. ಬೇಡ ಎಂದದ್ದು ನಿಮ್ಮ ಯಂತ್ರವೋ, ನಿಮ್ಮ ಅಂಗಡಿಯ ಬ್ಯಾಂಕೋ, ಗ್ರಾಹಕರ ಬ್ಯಾಂಕೋ ಎಂಬುದು ಅದರಿಂದ ಬಹುತೇಕ ತಿಳಿಯುತ್ತದೆ.

ನೀವು ಕೇಳಿದ ಸಂಭಾಷಣೆ ಇಲ್ಲಿದೆ. ನಿವೃತ್ತರೊಬ್ಬರು ಮಗಳ ಜೊತೆ ಬಂದು 8,640 ರೂಪಾಯಿಯ ಸೀರೆ ತೆಗೆದಿದ್ದಾರೆ ಎಂದುಕೊಳ್ಳೋಣ. ಕೈಯಲ್ಲಿರುವುದು ಡೆಬಿಟ್ ಕಾರ್ಡ್.

ಗ್ರಾಹಕರು: ಕಾರ್ಡ್ ತಾಗಿಸಿದೆನಲ್ಲಮ್ಮಾ, ಒಳಗೆ ಹಾಕು ಎನ್ನುತ್ತಿದೆ. ನಿನ್ನೆ ಔಷಧಿ ಅಂಗಡಿಯಲ್ಲಿ ತಾಗಿಸಿದ್ದೇ ತಡ, ಚೀಟಿ ಬಂದಿತ್ತು.

ಸಹಾಯಕಿ: ಅದು ತಪ್ಪೇನಲ್ಲ ಸರ್. ಬಿಲ್ ಐದು ಸಾವಿರ ದಾಟಿದರೆ ಪಿನ್ ಬೇಕು. ಚಿಪ್ ಇರುವ ಕಡೆಯಿಂದ ಒಳಗೆ ಹಾಕಿ, ನಾನು ಹೇಳುವ ತನಕ ತೆಗೆಯಬೇಡಿ.

(ಅವರು ಪಿನ್ ಒತ್ತುತ್ತಾರೆ. ಪರದೆಯಲ್ಲಿ `INCORRECT PIN 55`.)

ಸಹಾಯಕಿ: ಪಿನ್ ಹೊಂದಲಿಲ್ಲ ಎಂದು ನಿಮ್ಮ ಬ್ಯಾಂಕ್ ತಿಳಿಸಿದೆ ಸರ್. ಬೇರೆ ಕಾರ್ಡಿನ ಪಿನ್ ಏನಾದರೂ ಒತ್ತಿದಿರಾ? ಅವಸರವಿಲ್ಲ, ನೆನಪು ಮಾಡಿಕೊಂಡು ಒತ್ತಿ.

ಗ್ರಾಹಕರು: ಹೌದಮ್ಮಾ, ನಾನು ಒತ್ತಿದ್ದು ಪಿಂಚಣಿ ಖಾತೆಯದು. ಇದರದ್ದು ನಾಲ್ಕು, ಎರಡು...

ಸಹಾಯಕಿ: ನನಗೆ ಹೇಳಬೇಡಿ ಸರ್, ನೀವೇ ಒತ್ತಿ. ನಾನು ಆ ಕಡೆ ತಿರುಗಿರುತ್ತೇನೆ.

(ಈಗ `EXCEEDS LIMIT 61`.)

ಗ್ರಾಹಕರು: ಮತ್ತೇನಾಯಿತು? ಖಾತೆಯಲ್ಲಿ ಲಕ್ಷದ ಮೇಲಿದೆ!

ಸಹಾಯಕಿ: ಖಾತೆಯ ಹಣದ ಮಾತಲ್ಲ ಸರ್ ಇದು. ಈ ಕಾರ್ಡಿನಲ್ಲಿ ದಿನಕ್ಕೆ ಇಷ್ಟೇ ಖರ್ಚು ಎಂದು ಒಂದು ಮಿತಿ ಇರುತ್ತದೆ, ಬಿಲ್ ಅದನ್ನು ಮೀರಿದೆ. ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಆ ಮಿತಿ ಕಾಣುತ್ತದೆ, ಅಲ್ಲೇ ಹೆಚ್ಚಿಸಲೂ ಬಹುದು.

ಗ್ರಾಹಕರು: ಓಹೋ, ನನ್ನ ಮಗನ ಕೆಲಸ. ಯಾರಾದರೂ ಮೋಸ ಮಾಡಿಯಾರು ಎಂದು ಐದು ಸಾವಿರಕ್ಕೆ ಇಳಿಸಿಟ್ಟಿದ್ದ. ತಾಳು, ಅವನಿಗೇ ಫೋನ್ ಮಾಡುತ್ತೇನೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಮೂರು ತಡೆ ಬಂದವು, ಮೂರೂ ಬೇರೆ ಬೇರೆ ಜಾತಿಯವು.

ಮೊದಲನೆಯದು ನಿರಾಕರಣೆಯೇ ಅಲ್ಲ. ತಾಗಿಸಿ ಪಾವತಿಸುವಾಗ ಪಿನ್ ಇಲ್ಲದೆ ಸಾಗುವ ಮೊತ್ತವನ್ನು ರಿಸರ್ವ್ ಬ್ಯಾಂಕ್ 2021ರ ಜನವರಿ 1ರಿಂದ ಎರಡು ಸಾವಿರದಿಂದ ಐದು ಸಾವಿರ ರೂಪಾಯಿಗೆ ಏರಿಸಿತು. ಅದಕ್ಕಿಂತ ಹೆಚ್ಚಿನದಕ್ಕೆ ಯಂತ್ರ ಪಿನ್ ಕೇಳಲೇಬೇಕು. ಆದರೆ ನೋಡುವವರಿಗೆ ಇದೂ ‘ಆಗಲಿಲ್ಲ’ ಎಂದೇ ಕಾಣುವುದರಿಂದ, ನೀವು ‘ತಪ್ಪೇನಲ್ಲ’ ಎಂಬ ಮಾತಿನಿಂದಲೇ ತೊಡಗಿ.

55ರಲ್ಲಿ ಎಣಿಕೆ ಮುಖ್ಯ. ಸಾಮಾನ್ಯವಾಗಿ ಮೂರು ಸಲ ತಪ್ಪಿದರೆ 75 ಎಂಬ ಸಂಕೇತ ಬರುತ್ತದೆ, ಬ್ಯಾಂಕ್ ಆ ಪಿನ್ನಿಗೆ ಬೀಗ ಹಾಕಿತು ಎಂದರ್ಥ. ಬೆಳಿಗ್ಗೆ ಎಟಿಎಂನಲ್ಲಿ ಒಮ್ಮೆ ತಪ್ಪು ಪಿನ್ ಒತ್ತಿ ಬಂದಿದ್ದರೆ ನಿಮ್ಮಲ್ಲಿ ಎರಡೇ ಅವಕಾಶ ಉಳಿದಿರಬಹುದು, ಏಕೆಂದರೆ ಎಣಿಸುವುದು ನಿಮ್ಮ ಯಂತ್ರವಲ್ಲ, ಬ್ಯಾಂಕು. ಎರಡನೆಯ ಸಲವೂ 55 ಬಂದರೆ ನಾನಾದರೆ ಮೂರನೆಯದಕ್ಕೆ ಬಿಡುವುದಿಲ್ಲ, ಬೇರೆ ದಾರಿಯಲ್ಲಿ ಹಣ ಕೊಡಲು ಕೇಳುತ್ತೇನೆ. ಇನ್ನೊಂದು ಮಾತು, ಕೆಲವು ಅಂಗಡಿಗಳಲ್ಲಿ ಈಗಲೂ ‘ಪಿನ್ ಹೇಳಿ’ ಎಂದು ಕೇಳಿ ತಾವೇ ಒತ್ತುವ ಚಾಳಿ ಇದೆ. ಹತ್ತು ಜನ ಸಾಲಿನಲ್ಲಿ ನಿಂತಿರುವ ಕಡೆ ಪಿನ್ ಕೂಗಿಸುವುದು ಗಲ್ಲಾಪೆಟ್ಟಿಗೆಯ ಬೀಗದಕೈಯನ್ನು ಬಾಗಿಲಿಗೆ ನೇತುಹಾಕಿದ ಹಾಗೆ. ಯಂತ್ರವನ್ನು ಅವರ ಕೈಗೆ ಕೊಡಿ, ತಂತಿ ಗಿಡ್ಡವಾಗಿದ್ದರೆ ಉದ್ದದ್ದು ಹಾಕಿಸಿ.

ಮೂರನೆಯದು 61. ಎರಡನೆಯ ಸಲ ಒತ್ತಿದಾಗ 55 ಮಾಯವಾಗಿ 61 ಬಂತು, ಗಮನಿಸಿ. ಬ್ಯಾಂಕುಗಳು ಸಾಮಾನ್ಯವಾಗಿ ಪಿನ್ ಒಪ್ಪಿದ ಮೇಲೆಯೇ ಮಿತಿಯ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಪಿನ್ ಈಗ ಸರಿಯಾಗಿದೆ, ಅವರನ್ನು ಮತ್ತೆ ಪಿನ್ ಬಗ್ಗೆ ಕಾಡಬೇಕಾಗಿಲ್ಲ. 61ನ್ನೂ 51ನ್ನೂ ಕಲಸಿಕೊಳ್ಳುವುದರಿಂದಲೇ ಅಂಗಡಿಗಳಲ್ಲಿ ಅರ್ಧ ಜಗಳ. `INSUFFICIENT FUNDS 51` ಎಂದರೆ ಮಾತ್ರ ಹಣ ಸಾಲದು. ಮೊನ್ನೆ ನಿಮ್ಮನ್ನು ಗದರಿದವರಿಗೆ ಬಂದದ್ದು ಬಹುಶಃ 61 ಇದ್ದೀತು.

51 ಬಂದಾಗಲೂ ‘ದುಡ್ಡಿಲ್ಲ’ ಎನ್ನಬೇಡಿ. ಅದು ಹಲವು ಸಲ ನಿಜವೂ ಆಗಿರುವುದಿಲ್ಲ. ಷೇರಿನ ಐಪಿಒಗೆ ಅರ್ಜಿ ಹಾಕಿದವರ ಹಣ ಖಾತೆಯಲ್ಲೇ ಇದ್ದರೂ ಹಂಚಿಕೆ ಮುಗಿಯುವ ತನಕ ತಡೆಹಿಡಿದಿರುತ್ತದೆ. ಹೋಟೆಲಿನಲ್ಲಿ ಮುಂಗಡವಾಗಿ ಹಿಡಿದಿಟ್ಟ ಮೊತ್ತವೂ ಹಾಗೆಯೇ. ಪಾಸ್‌ಬುಕ್ಕಿನಲ್ಲಿ ಕಾಣುವ ಹಣ ಬೇರೆ, ಖರ್ಚಿಗೆ ದೊರೆಯುವ ಹಣ ಬೇರೆ. ಯಂತ್ರದ ಪರದೆಯನ್ನು ಅವರ ಕಡೆಗೆ ತಿರುಗಿಸಿ, ‘ಈ ಕಾರ್ಡಿನಲ್ಲಿ ಇಷ್ಟು ಮೊತ್ತಕ್ಕೆ ಬ್ಯಾಂಕ್ ಈಗ ಒಪ್ಪುತ್ತಿಲ್ಲ ಸರ್, ಬೇರೆ ಕಾರ್ಡ್ ಇದೆಯೇ’ ಎಂದು ಮೆಲ್ಲಗೆ ಕೇಳಿ. ಓದಿಕೊಳ್ಳಬೇಕಾದವರು ಓದಿಕೊಳ್ಳುತ್ತಾರೆ, ಹಿಂದೆ ನಿಂತವರಿಗೆ ತಿಳಿಯುವುದಿಲ್ಲ.

ಎಲ್ಲಕ್ಕಿಂತ ಗಾಬರಿ ಹುಟ್ಟಿಸುವುದು `DO NOT HONOUR 05`. ಆ ಮಾತನ್ನು ಓದಿ ‘ನನಗೆ ಮರ್ಯಾದೆ ಇಲ್ಲವೇ’ ಎಂದು ಕೇಳಿದವರನ್ನು ನಾನು ಕಂಡಿದ್ದೇನೆ. ಅದರಲ್ಲಿ ಮರ್ಯಾದೆಯ ಸುದ್ದಿ ಏನೂ ಇಲ್ಲ. ಚೆಕ್ಕನ್ನು ಮಾನ್ಯ ಮಾಡುವುದು, ಮಾಡದಿರುವುದು ಎಂದು ಬ್ಯಾಂಕಿನವರು ಹೇಳುವ ಹಳೆಯ ಮಾತು ಅದು. ‘ಒಪ್ಪುವುದಿಲ್ಲ, ಕಾರಣ ನಿಮಗೆ ಹೇಳುವುದಿಲ್ಲ’ ಎಂಬುದಷ್ಟೇ ಅದರ ಸಾರ. ಕೆವೈಸಿ ಬಾಕಿ ಇದ್ದು ಖಾತೆ ನಿಂತಿರಬಹುದು, ಖರ್ಚಿನ ರೀತಿ ನೋಡಿ ಬ್ಯಾಂಕಿಗೆ ಅನುಮಾನ ಬಂದಿರಬಹುದು, ಮತ್ತೇನೋ ಇರಬಹುದು. ನಿಮಗೆ ಗೊತ್ತಾಗುವುದಿಲ್ಲ, ನಿಮಗೆ ಯಂತ್ರ ಕೊಟ್ಟವರಿಗೂ ಗೊತ್ತಾಗುವುದಿಲ್ಲ. ಹೇಳಬಹುದಾದದ್ದು ಇಷ್ಟೇ: ‘ನಿಮ್ಮ ಬ್ಯಾಂಕ್ ತಡೆದಿದೆ, ಕಾರಣವನ್ನು ನಮಗೆ ತಿಳಿಸುವುದಿಲ್ಲ. ಕಾರ್ಡಿನ ಹಿಂಬದಿಯ ಸಂಖ್ಯೆಗೆ ಕರೆ ಮಾಡಿದರೆ ನಿಮಗೆ ಹೇಳುತ್ತಾರೆ.’ 05 ಬಂದ ಕಾರ್ಡನ್ನು ಮೇಲಿಂದ ಮೇಲೆ ಹಾಕಿ ನೋಡಬೇಡಿ. ಅನುಮಾನದಿಂದ ತಡೆದ ಬ್ಯಾಂಕಿಗೆ ಒಂದೇ ನಿಮಿಷದಲ್ಲಿ ನಾಲ್ಕು ಕೋರಿಕೆ ಬಂದರೆ ಅನುಮಾನ ಬಲವಾಗುತ್ತದೆಯೇ ಹೊರತು ಕರಗುವುದಿಲ್ಲ.

57 ಮತ್ತು 58 ಅಕ್ಕಪಕ್ಕದ ಅಂಕಿಗಳಾದರೂ ಬೆರಳು ತೋರಿಸುವುದು ಎದುರುಬದುರು ದಿಕ್ಕಿಗೆ. 57 ಎಂದರೆ ಈ ಬಗೆಯ ವ್ಯವಹಾರಕ್ಕೆ ಆ ಕಾರ್ಡಿಗೆ ಅನುಮತಿ ಇಲ್ಲ. ರಿಸರ್ವ್ ಬ್ಯಾಂಕಿನ 2020ರ ಜನವರಿಯ ಆದೇಶದಂತೆ ಹೊಸ ಕಾರ್ಡ್ ಕೈಗೆ ಬಂದಾಗ ಭಾರತದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಕ್ಕೆ ಒಳಗೆ ಹಾಕಿ ಬಳಸಲು ಮಾತ್ರ ತೆರೆದಿರುತ್ತದೆ. ತಾಗಿಸುವುದು, ಆನ್‌ಲೈನ್ ಖರೀದಿ, ವಿದೇಶದ ಬಳಕೆ ಇವನ್ನು ಗ್ರಾಹಕರೇ ತೆರೆದುಕೊಳ್ಳಬೇಕು. ಎಂಟು ನೂರು ರೂಪಾಯಿಯ ರವಿಕೆ ಕಣಕ್ಕೆ ಹೊಸ ಕಾರ್ಡ್ ತಾಗಿಸಿದಾಗ 57 ಬಂತೆಂದರೆ, ಒಳಗೆ ಹಾಕಿ ಪಿನ್ ಒತ್ತಿಸಿ ನೋಡಿ. ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. 58 ಎಂದರೆ ಅನುಮತಿ ಇಲ್ಲದಿರುವುದು ನಿಮ್ಮ ಯಂತ್ರಕ್ಕೆ. ಮದುವೆಗೆಂದು ದುಬೈಯಿಂದಲೋ ಅಮೆರಿಕದಿಂದಲೋ ಬಂದವರು ಅಲ್ಲಿನ ಕಾರ್ಡ್ ಕೊಟ್ಟಾಗ ಇದು ಎದುರಾಗಬಹುದು, ಏಕೆಂದರೆ ವಿದೇಶಿ ಕಾರ್ಡ್ ತೆಗೆದುಕೊಳ್ಳುವ ಸೌಲಭ್ಯ ಎಲ್ಲ ಅಂಗಡಿಗಳ ಯಂತ್ರಕ್ಕೂ ಇರುವುದಿಲ್ಲ. ಆಗ ‘ನಿಮ್ಮ ಕಾರ್ಡ್ ಸರಿಯಿಲ್ಲ’ ಎಂದರೆ ಸುಳ್ಳು ಹೇಳಿದಂತೆ. ‘ನಮ್ಮ ಯಂತ್ರಕ್ಕೆ ಆ ಸೌಲಭ್ಯವಿಲ್ಲ, ಕ್ಷಮಿಸಿ’ ಎನ್ನಿ, ಮಾಲೀಕರಿಗೂ ತಿಳಿಸಿ.

54 ಅವಧಿ ಮುಗಿದ ಕಾರ್ಡ್. ಕಾರ್ಡಿನ ಮೇಲಿರುವ ತಿಂಗಳ ಕೊನೆಯ ದಿನದವರೆಗೂ ಅದು ನಡೆಯುತ್ತದೆ ಎಂಬುದು ನೆನಪಿರಲಿ. 91 ಎಂದರೆ ಗ್ರಾಹಕರ ಬ್ಯಾಂಕಿನ ಕಡೆಯಿಂದ ಉತ್ತರವೇ ಸಿಗುತ್ತಿಲ್ಲ. ಬೇರೆ ಬ್ಯಾಂಕಿನ ಕಾರ್ಡ್ ಹಾಕಿದರೆ ಓಡುತ್ತದೆ, ಅದೇ ಅದರ ಗುರುತು.

41 ಕಳೆದುಹೋದ ಕಾರ್ಡ್, 43 ಕದ್ದ ಕಾರ್ಡ್. ಕೆಲವು ಯಂತ್ರಗಳು `PICK UP CARD` ಎಂದೂ ತೋರಿಸುತ್ತವೆ. ಇದನ್ನು ಓದಿ ಕಾವಲುಗಾರನನ್ನು ಕೂಗಬೇಡಿ. ಕಾರ್ಡ್ ಕಳೆದಿದೆ ಎಂದು ಬ್ಯಾಂಕಿಗೆ ತಿಳಿಸಿ, ವಾರದ ನಂತರ ಅಂಗಿಯ ಜೇಬಿನಲ್ಲೇ ಸಿಕ್ಕಿತೆಂದು ಹಳೆಯದನ್ನೇ ತಂದವರು ಬೇಕಾದಷ್ಟು ಜನ ಇದ್ದಾರೆ. ಹೊಸದು ಮನೆಯ ಲಕೋಟೆಯಲ್ಲಿ ಕುಳಿತಿರುತ್ತದೆ. ಕಾರ್ಡನ್ನು ಕಿತ್ತುಕೊಳ್ಳುವ ಸಾಹಸ ಬೇಡ. ‘ಈ ಕಾರ್ಡಿಗೆ ಬ್ಯಾಂಕ್ ಅನುಮತಿ ಕೊಡುತ್ತಿಲ್ಲ’ ಎಂದು ಹೇಳಿ, ಮಾಲೀಕರಿಗೆ ತಿಳಿಸಿ ಸುಮ್ಮನಾಗಿ.

ಇನ್ನು ಅಂಕಿಯೇ ಇಲ್ಲದ ಸಂದೇಶಗಳು. `CHIP ERROR`, `NO CONNECTION` ಇಂಥವು ಯಂತ್ರದ ಸ್ವಂತ ಮಾತು. ಕೋರಿಕೆ ಅಂಗಡಿಯ ಹೊಸಿಲನ್ನೇ ದಾಟಿಲ್ಲ, ಹಾಗಾಗಿ ಹಣ ಹೋಗುವ ಮಾತೇ ಇಲ್ಲ. ಚಿಪ್ಪನ್ನು ಒಣ ಬಟ್ಟೆಯಿಂದ ಒರೆಸಿ, ಯಂತ್ರವನ್ನು ಸಿಗ್ನಲ್ ಸಿಗುವ ಕಡೆಗೆ ಒಯ್ದು ಧೈರ್ಯವಾಗಿ ಮತ್ತೆ ಪ್ರಯತ್ನಿಸಿ. ಆದರೆ ಇದೇ ಗುಂಪಿನಂತೆ ಕಾಣುವ ಒಂದು ಸಂದೇಶ ಮಾತ್ರ ಪೂರ್ತಿ ಬೇರೆ: `NO RESPONSE` ಅಥವಾ `TIMEOUT`. ಕೋರಿಕೆ ಹೊರಟಿದೆ, ಉತ್ತರ ಬಂದಿಲ್ಲ. ಅದು ಎಲ್ಲಿಯವರೆಗೆ ಹೋಗಿತ್ತೋ ಯಂತ್ರಕ್ಕೂ ತಿಳಿಯದು. ನಿಜವಾಗಿ ಎಚ್ಚರ ಬೇಕಾದದ್ದು ಇಲ್ಲೇ. ಅದೇ ಹಿರಿಯರ ಬಳಿಗೆ ಹೋಗೋಣ. ಮಗ ಆ್ಯಪ್‌ನಲ್ಲಿ ಮಿತಿ ಏರಿಸಿದ್ದಾನೆ, ಕಾರ್ಡ್ ಮತ್ತೆ ಒಳಗೆ ಹೋಗಿದೆ, ಪಿನ್ ಒತ್ತಿ ಅರ್ಧ ನಿಮಿಷದ ಮೇಲಾಗಿದೆ.

(`NO RESPONSE FROM HOST`. ಅಷ್ಟರಲ್ಲಿ ಗ್ರಾಹಕರ ಮೊಬೈಲ್ ಟಣ್ ಎನ್ನುತ್ತದೆ.)

ಗ್ರಾಹಕರು: 8,640 ಕಡಿತವಾಗಿದೆ ಎಂದು ಸಂದೇಶ ಬಂತು. ಅಂತೂ ಆಯಿತಲ್ಲ, ಸೀರೆ ಕೊಡಮ್ಮಾ.

ಸಹಾಯಕಿ: ಒಂದು ನಿಮಿಷ ಕುಳಿತುಕೊಳ್ಳಿ ಸರ್, ಯಂತ್ರದ ಪಟ್ಟಿಯಲ್ಲಿ ನೋಡುತ್ತೇನೆ... ಇಲ್ಲ ಸರ್, ಈ ಬಿಲ್ ಇಲ್ಲಿ ದಾಖಲಾಗಿಲ್ಲ. ನಿಮ್ಮ ಬ್ಯಾಂಕ್ ಹಣ ಕಡಿತ ಮಾಡಿದೆ, ಉತ್ತರ ನಮಗೆ ತಲುಪಿಲ್ಲ.

ಗ್ರಾಹಕರು: ಹಾಗಾದರೆ ನನ್ನ ಹಣ?

ಸಹಾಯಕಿ: ಅದು ನಮಗೆ ಬರುವುದಿಲ್ಲ ಸರ್, ನಿಮ್ಮ ಖಾತೆಗೇ ಹಿಂದಿರುಗಬೇಕು. ಎಷ್ಟೋ ಸಲ ಇವತ್ತೇ ಬರುತ್ತದೆ, ತಡವಾದರೆ ಐದು ದಿನ. ಅದಕ್ಕಿಂತ ತಡವಾದರೆ ನಿಮ್ಮ ಬ್ಯಾಂಕ್ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕು. ಸಮಯ, ಮೊತ್ತ, ನಮ್ಮ ಯಂತ್ರದ ಸಂಖ್ಯೆ ಎಲ್ಲ ಬರೆದು ಅಂಗಡಿಯ ಮೊಹರು ಹಾಕಿ ಕೊಡುತ್ತೇನೆ.

ಗ್ರಾಹಕರು: ಸೀರೆ?

ಸಹಾಯಕಿ: ನಿಮ್ಮ ಹೆಸರಿನಲ್ಲಿ ತೆಗೆದಿಡುತ್ತೇನೆ ಸರ್. ಬೇರೆ ಕಾರ್ಡಿನಿಂದಲೋ ಯುಪಿಐಯಿಂದಲೋ ಕೊಟ್ಟರೆ ಈಗಲೇ ಒಯ್ಯಬಹುದು. ಇಲ್ಲದಿದ್ದರೆ ಹಣ ಹಿಂದಿರುಗಿದ ಮೇಲೆ ಬನ್ನಿ, ಬೇರೆಯವರಿಗೆ ಮಾರುವುದಿಲ್ಲ.

ಐದು ದಿನದ ಮಾತು ನನ್ನ ಊಹೆಯಲ್ಲ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಇದೆ. ಖಾತೆಯಿಂದ ಹಣ ಕಡಿತವಾಗಿ ಅಂಗಡಿಯಲ್ಲಿ ಚೀಟಿ ಬಾರದಿದ್ದರೆ, ವ್ಯವಹಾರದ ದಿನದ ನಂತರ ಐದು ದಿನಗಳೊಳಗೆ ಹಣ ತಾನಾಗಿ ಹಿಂದಿರುಗಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ. ಗ್ರಾಹಕರು ದೂರು ಕೊಡಬೇಕಾದದ್ದು ತಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ, ನಿಮ್ಮ ಅಂಗಡಿಗಲ್ಲ. ಇದನ್ನು ಸಿಡುಕದೆ ಹೇಳಬೇಕು, ಏಕೆಂದರೆ ಅವರ ಕಣ್ಣಿಗೆ ಹಣ ನುಂಗಿದ್ದು ನಿಮ್ಮ ಕೈಯಲ್ಲಿರುವ ಯಂತ್ರ.

ಸಂದೇಶ ಬಂದಿದ್ದರೂ ಸೀರೆ ಕೊಡಬೇಡಿ ಎಂದು ನಾನು ಹೇಳುವುದು ಕಠಿಣವಾಗಿ ಕೇಳಿಸಬಹುದು. ಆದರೆ ಮೊಬೈಲಿನ ಸಂದೇಶ ಹೇಳುವುದು ಅವರ ಬ್ಯಾಂಕಿನ ಪುಸ್ತಕದಲ್ಲಿ ಏನು ಬರೆದಿದೆ ಎಂಬುದನ್ನು ಮಾತ್ರ. ನಿಮ್ಮ ಚೀಟಿಯಲ್ಲಿ ಒಪ್ಪಿಗೆಯ ಸಂಖ್ಯೆ, ಅಂದರೆ `APPR CODE`, ಮುದ್ರಣವಾಗದಿದ್ದರೆ ಸಂಜೆಯ ಲೆಕ್ಕದಲ್ಲಿ ಆ ಮೊತ್ತ ಅಂಗಡಿಗೆ ಸೇರುವುದಿಲ್ಲ. ನಕಲಿ ಸಂದೇಶ ತೋರಿಸುವವರೂ ಇದ್ದಾರೆ ಎಂಬುದು ಬೇರೆ ಮಾತು. ಅದನ್ನು ಈ ಹಿರಿಯರ ಮುಂದೆ ಆಡಬೇಡಿ.

ಯಂತ್ರದ ಕಡೆಯಿಂದಲೂ ಒಂದು ಕೆಲಸವಿದೆ. ಉತ್ತರ ಬಾರದಿದ್ದಾಗ ಯಂತ್ರ ‘ಹಿಂದಿನ ಕೋರಿಕೆಯನ್ನು ರದ್ದು ಮಾಡಿ’ ಎಂಬ ಇನ್ನೊಂದು ಸಂದೇಶವನ್ನು ತಾನಾಗಿ ಸಿದ್ಧಪಡಿಸಿಕೊಳ್ಳುತ್ತದೆ. ಸಂಪರ್ಕ ಸಿಕ್ಕ ಕೂಡಲೇ, ಹಲವು ಯಂತ್ರಗಳಲ್ಲಿ ಮುಂದಿನ ವ್ಯವಹಾರಕ್ಕಿಂತ ಮೊದಲು, ಅದನ್ನು ಕಳುಹಿಸುತ್ತದೆ. ಒಂದು ಅಂಗಡಿಯಲ್ಲಿ ಯಂತ್ರ ಸಿಕ್ಕಿಕೊಂಡಿತೆಂದು ಆಫ್ ಮಾಡಿ ಡ್ರಾಯರಿಗೆ ಹಾಕಿ, ಎರಡು ದಿನ ಬೇರೆ ಯಂತ್ರ ಬಳಸಿದರು. ಆ ರದ್ದತಿಯ ಸಂದೇಶವೂ ಎರಡು ದಿನ ಡ್ರಾಯರಿನಲ್ಲೇ ಮಲಗಿತ್ತು, ಗ್ರಾಹಕರು ದಿನಾ ಬಂದು ಕೂಗಾಡಿದರು. ಆದ್ದರಿಂದ ಇಂಥ ಸಂದರ್ಭದಲ್ಲಿ ಯಂತ್ರವನ್ನು ಆಫ್ ಮಾಡಬೇಡಿ. ಸಂಪರ್ಕ ಬರುವವರೆಗೆ ಇಟ್ಟುಕೊಂಡು, ಅದರಲ್ಲೇ ಇನ್ನೊಂದು ವ್ಯವಹಾರ ನಡೆಸಿ. ಹಾಗೆಯೇ, ಪಟ್ಟಿಯನ್ನು ನೋಡದೆ ಅದೇ ಕಾರ್ಡನ್ನು ಎರಡನೆಯ ಸಲ ಹಾಕಿಸಬೇಡಿ. ಮೊದಲನೆಯದು ಆಗಿಹೋಗಿ ಚೀಟಿ ಮಾತ್ರ ಮುದ್ರಣವಾಗದೆ ಉಳಿದಿದ್ದರೆ 8,640ರ ಬದಲು 17,280 ಹೋಗುತ್ತದೆ.

ಹಣ ಹೋಗದ ಚೀಟಿಯನ್ನು ಕೊಡಬಹುದೇ ಎಂದು ಕೇಳಿದ್ದೀರಿ. ಕೇಳುವ ಮೊದಲೇ ಕೊಡಿ. ಅದರಲ್ಲಿ `RRN` ಎಂಬ 12 ಅಂಕಿಯ ಸಂಖ್ಯೆ ಇರುತ್ತದೆ, ಗ್ರಾಹಕರು ಬ್ಯಾಂಕಿಗೆ ಕರೆ ಮಾಡಿದಾಗ ಆ ಒಂದು ಕೋರಿಕೆಯನ್ನು ಹುಡುಕಲು ಅದು ನೆರವಾಗುತ್ತದೆ. `TID` ಎಂಬುದು ನಿಮ್ಮ ಯಂತ್ರದ ಗುರುತು. ಉತ್ತರ ಬಾರದ ವ್ಯವಹಾರದಲ್ಲಿ ಚೀಟಿಯೇ ಬರದಿದ್ದರೆ, `TID`ಯನ್ನು ಯಂತ್ರದ ಹಿಂಬದಿಗೆ ಅಂಟಿಸಿದ ಲೇಬಲ್‌ನಿಂದಲೋ ಹಳೆಯ ಚೀಟಿಯಿಂದಲೋ ನೋಡಿ ಕೈಯಲ್ಲೇ ಬರೆದು ಕೊಡಿ. ಆ ಚೀಟಿಗಳ ಮುದ್ರಣ ಬಿಸಿಲಿಗೆ ಬೇಗ ಮಾಸುತ್ತದೆ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಲು ಅವರಿಗೆ ಹೇಳಿ.